ಒಂದೇ ಕೇಸಿಗೆ ಎರಡು ಅಳತೆ: ಪ್ರಾವಿಷನ್ ಬರೆಯಲು ನಾನು ಕಲಿತದ್ದು

ನಾನು ಲೆಕ್ಕ ನೋಡಿಕೊಳ್ಳುತ್ತಿದ್ದ ಕಂಪನಿ ಎರಕದ ವಾಲ್ವ್‌ಗಳನ್ನು ಮಾಡುತ್ತಿತ್ತು. ಒಂದು ವರ್ಷ ನಾವು ಕಳಿಸಿದ ವಾಲ್ವ್ ಒಡೆದು ಗ್ರಾಹಕರ ಪ್ಲಾಂಟ್ ಹಲವು ದಿನ ನಿಂತುಹೋಯಿತು. ಅವರು 80 ಲಕ್ಷ ಪರಿಹಾರ ಕೇಳಿ ಕೋರ್ಟಿಗೆ ಹೋದರು. ಆ ಒಂದು ದಾವೆ ಮೂರು ವರ್ಷದ ಲೆಕ್ಕಪತ್ರಗಳಲ್ಲಿ ಮೂರು ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಂಡಿತು. ಇಂಥ ಅನಿಶ್ಚಿತ ಹೊಣೆಗಳನ್ನು ಲೆಕ್ಕದಲ್ಲಿ ಹೇಗೆ ತೋರಿಸಬೇಕು ಎಂದು ಹೇಳುವ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 37 ನನಗೆ ನಿಜವಾಗಿ ಅರ್ಥವಾದದ್ದು ಆಗಲೇ.

ಮೊದಲ ವರ್ಷ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಅದೇ ತಪ್ಪನ್ನು ಆಮೇಲೆ ಬೇರೆಯವರ ಲೆಕ್ಕದಲ್ಲೂ ನೋಡಿದ್ದೇನೆ. ಕೇಸು ಸೋಲುವ ಸಾಧ್ಯತೆ ಎಷ್ಟು ಎಂದು ವಕೀಲರನ್ನು ಫೋನಿನಲ್ಲಿ ಕೇಳಿದೆ. "ಸುಮಾರು ನೂರಕ್ಕೆ 40" ಎಂದರು. 80 ಲಕ್ಷದಲ್ಲಿ ನೂರಕ್ಕೆ 40 ಅಂದರೆ 32 ಲಕ್ಷ. ಅಷ್ಟಕ್ಕೆ ಪ್ರಾವಿಷನ್ ಬರೆದು, ಅಂದರೆ ಮುಂದೆ ಕೊಡಬೇಕಾಗುವ ಹಣವನ್ನು ಈಗಲೇ ಹೊಣೆ ಎಂದು ಲೆಕ್ಕಕ್ಕೆ ಹಿಡಿದು, ನಮ್ಮ ಹಣಕಾಸು ಮುಖ್ಯಸ್ಥೆಯ ಮುಂದಿಟ್ಟೆ. ಅವರು ಹಾಳೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ಈ 32 ಲಕ್ಷವನ್ನು ನಾವು ಯಾವತ್ತಾದರೂ ಯಾರಿಗಾದರೂ ಕೊಡ್ತೀವಾ?"

ಇಲ್ಲ. ಗೆದ್ದರೆ ಏನೂ ಕೊಡುವುದಿಲ್ಲ. ಸೋತರೆ ಕೋರ್ಟ್ ಹೇಳಿದಷ್ಟು ಕೊಡುತ್ತೇವೆ. 32 ಲಕ್ಷ ಎಂಬುದು ಕ್ಯಾಲ್ಕುಲೇಟರಿನಲ್ಲಿ ಹುಟ್ಟಿದ ಅಂಕಿ, ಅಷ್ಟೇ.

ಹೀಗೆ ಸಾಧ್ಯತೆಯಿಂದ ಗುಣಿಸುವ ಲೆಕ್ಕಕ್ಕೂ ಒಂದು ಜಾಗ ಇದೆ. ಸಾವಿರಾರು ವಾಲ್ವ್ ಮಾರಿ ವಾರಂಟಿ ಕೊಟ್ಟಿದ್ದರೆ, ಅವುಗಳಲ್ಲಿ ನೂರಕ್ಕೆ ಇಷ್ಟು ವಾಪಸ್ ಬರುತ್ತವೆ ಎಂದು ಹಿಂದಿನ ಅನುಭವದಿಂದ ಗೊತ್ತಿರುತ್ತದೆ. ಅಲ್ಲಿ ಗುಣಿಸಿ ಬಂದ ಮೊತ್ತಕ್ಕೆ ಹತ್ತಿರದ ಖರ್ಚು ನಿಜವಾಗಿಯೂ ಆಗುತ್ತದೆ. ಒಂಟಿ ದಾವೆಯಲ್ಲಿ ಹಾಗಿಲ್ಲ. ಅಲ್ಲಿ ಮೊದಲು ಒಂದು ಬಾಗಿಲು ದಾಟಬೇಕು, ಮೊತ್ತದ ಮಾತು ಆಮೇಲೆ. ಸಾಧ್ಯತೆಯನ್ನು ಮೊತ್ತದ ಜೊತೆ ಗುಣಿಸಿ ನಾನು ಎರಡನ್ನೂ ಕಲಸಿಬಿಟ್ಟಿದ್ದೆ.

ಆ ಬಾಗಿಲಿನಲ್ಲಿ ಕೇಳುವ ಪ್ರಶ್ನೆಗಳು ಮೂರು. ಹಿಂದೆ ನಡೆದ ಘಟನೆಯಿಂದ ಇವತ್ತು ನಮ್ಮ ತಲೆ ಮೇಲೆ ಹೊಣೆ ಇದೆಯಾ? ಅದನ್ನು ತೀರಿಸಲು ಹಣ ಹೊರಗೆ ಹೋಗುವ ಸಾಧ್ಯತೆ, ಹೋಗದಿರುವ ಸಾಧ್ಯತೆಗಿಂತ ಜಾಸ್ತಿ ಇದೆಯಾ? ಮೊತ್ತವನ್ನು ನಂಬುವ ಮಟ್ಟಿಗೆ ಅಂದಾಜು ಮಾಡಬಹುದಾ? ಮೂರಕ್ಕೂ ಹೌದು ಎಂದರೆ ಪ್ರಾವಿಷನ್. ದಾವೆಯಲ್ಲಿ ಕಷ್ಟ ಬರುವುದು ಮೊದಲ ಪ್ರಶ್ನೆಯಲ್ಲೇ, ಯಾಕಂದ್ರೆ ಹೊಣೆ ಇದೆಯೋ ಇಲ್ಲವೋ ಎಂಬುದೇ ಜಗಳ. ಅದಕ್ಕೂ ಐಎಎಸ್ 37 ಇದೇ ತಕ್ಕಡಿ ಕೊಡುತ್ತದೆ. ಕೈಯಲ್ಲಿರುವ ಪುರಾವೆಯನ್ನೆಲ್ಲ ನೋಡಿದಾಗ, ಹೊಣೆ ಇಲ್ಲ ಅನ್ನುವುದಕ್ಕಿಂತ ಇದೆ ಅನ್ನುವ ಕಡೆ ತೂಕ ಜಾಸ್ತಿ ಇದ್ದರೆ ಇದೆ ಎಂದೇ ಹಿಡಿಯಬೇಕು. ನೂರಕ್ಕೆ 51 ಆದರೂ ಸಾಕು.

ನಮ್ಮದು 40. ಹಾಗಾಗಿ ಆ ವರ್ಷ ಲೆಕ್ಕದಲ್ಲಿ ಒಂದು ಪೈಸೆಯೂ ಬರಲಿಲ್ಲ. 32 ಲಕ್ಷ ಅಳಿಸಿದೆ. ಆದರೆ 40 ಅಂದರೆ ತಳ್ಳಿಹಾಕುವಷ್ಟು ಸಣ್ಣದೇನೂ ಅಲ್ವಲ್ಲ. ಹಣ ಹೋಗುವ ಸಾಧ್ಯತೆ ತೀರಾ ದೂರದ್ದಾಗಿದ್ದರೆ ಮಾತ್ರ ಸುಮ್ಮನಿರಬಹುದು. ಉಳಿದಂತೆ ಅದು ಕಂಟಿಂಜೆಂಟ್ ಲಯಬಿಲಿಟಿ, ಅಂದರೆ ಸಂಭಾವ್ಯ ಹೊಣೆ. ಲೆಕ್ಕದ ಜೊತೆ ಕೊಡುವ ವಿವರಣೆಯಾದ ನೋಟ್ಸ್‌ನಲ್ಲಿ ಬರೆಯಲೇಬೇಕು.

ನಮ್ಮ ಎಂಡಿಗೆ ಅದು ಇಷ್ಟವಿರಲಿಲ್ಲ. "ನಾವೇ ಬರೆದು ಎದುರಾಳಿ ಕೈಗೆ ಕೊಟ್ಟ ಹಾಗಾಗಲ್ವಾ?" ಎಂದರು. ಅವರ ಆತಂಕ ಸುಳ್ಳಲ್ಲ. ವಿವರ ಬರೆದರೆ ಕೇಸಿನಲ್ಲಿ ನಮ್ಮ ನಿಲುವಿಗೆ ಗಂಭೀರ ಧಕ್ಕೆ ಆಗುತ್ತದೆ ಎಂದಾದರೆ ಕೆಲವು ವಿವರ ಬಿಡಲು ಐಎಎಸ್ 37 ಒಪ್ಪುತ್ತದೆ. ಆದರೆ ಅದು ತೀರಾ ಅಪರೂಪದ ಸಂದರ್ಭಕ್ಕೆ. ಆಗಲೂ ವ್ಯಾಜ್ಯ ಏನು, ವಿವರ ಯಾಕೆ ಬಿಟ್ಟಿದ್ದೇವೆ ಎಂದು ಹೇಳಬೇಕು. ನಮಗೆ ಅದರ ಅಗತ್ಯ ಬೀಳಲಿಲ್ಲ. 80 ಲಕ್ಷ ಎಂಬುದು ಅವರೇ ದಾವೆ ಪತ್ರದಲ್ಲಿ ಬರೆದ ಮೊತ್ತ, ಅದರಲ್ಲಿ ಗುಟ್ಟೇನಿಲ್ಲ. ಗ್ರಾಹಕರು ದೋಷದ ಆರೋಪದ ಮೇಲೆ ಇಷ್ಟು ಕೇಳಿದ್ದಾರೆ, ಕಂಪನಿ ಅದನ್ನು ಒಪ್ಪಿಲ್ಲ, ವಿಚಾರಣೆ ನಡೆಯುತ್ತಿದೆ ಎಂದು ನಾಲ್ಕು ಸಾಲು ಬರೆದೆವು. ವಕೀಲರ ನೂರಕ್ಕೆ 40 ಮಾತ್ರ ಫೈಲಿನೊಳಗೇ ಉಳಿಯಿತು.

ಆಡಿಟರ್ ಬಂದಾಗ ಫೋನಿನ ಮಾತು ಸಾಲಲಿಲ್ಲ. ವಕೀಲರಿಂದ ಪತ್ರ ತರಿಸಿದೆ. "ನಮ್ಮ ವಾದಕ್ಕೆ ಉತ್ತಮ ಆಧಾರಗಳಿವೆ" ಎಂದಷ್ಟೇ ಇತ್ತು. ಒಳ್ಳೆಯ ಆಧಾರ ಇದ್ದೂ ಸೋಲುವವರಿದ್ದಾರೆ. ಅಂಥ ಪತ್ರ ಇಟ್ಟುಕೊಂಡು ಪ್ರಾವಿಷನ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ಆಗುವುದಿಲ್ಲ. ಅಂದಿನಿಂದ ನಾನು ಪ್ರಶ್ನೆಗಳನ್ನು ಬರೆದೇ ಕಳಿಸುತ್ತೇನೆ. ಸೋಲುವ ಸಾಧ್ಯತೆ ಗೆಲ್ಲುವುದಕ್ಕಿಂತ ಜಾಸ್ತಿಯೋ ಕಡಿಮೆಯೋ? ಸೋತರೆ ಯಾವ ಯಾವ ಮೊತ್ತ ಬರಬಹುದು, ಯಾವುದು ಹೆಚ್ಚು ಸಂಭವ? ವರ್ಷ ಮುಗಿದ ಮೇಲೆ ಏನಾದರೂ ಬದಲಾಗಿದೆಯಾ? ವಕೀಲರು ಅಂಕಿ ಕೊಡಲು ಹಿಂಜರಿಯುತ್ತಾರೆ. ಆದರೆ "ಜಾಸ್ತಿಯೋ ಕಡಿಮೆಯೋ" ಎಂದರೆ ಉತ್ತರ ಬರುತ್ತದೆ.

ಆ ಮೂರನೇ ಪ್ರಶ್ನೆ ಎರಡನೇ ವರ್ಷ ಕೆಲಸಕ್ಕೆ ಬಂತು. ವರ್ಷ ಮುಗಿದು ಆರು ವಾರವಾಗಿತ್ತು. ಬೋರ್ಡ್ ಇನ್ನೂ ಲೆಕ್ಕಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಕೋರ್ಟ್ ನೇಮಿಸಿದ ತಜ್ಞರ ವರದಿ ಬಂತು. ಒಡೆದ ವಾಲ್ವನ್ನು ಕೊಯ್ದು ನೋಡಿದ್ದರು. ಲೋಹದೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿದ್ದವು, ಎರಕ ಹೊಯ್ಯುವಾಗಲೇ ಉಳಿದವು. ಗ್ರಾಹಕರು ತಪ್ಪಾಗಿ ಜೋಡಿಸಿದ್ದರಿಂದ ಒಡೆಯಿತು ಎಂಬ ನಮ್ಮ ವಾದಕ್ಕೆ ಬಲವಾದ ಪೆಟ್ಟು ಬಿತ್ತು.

ವರದಿ ಮುಂದಿನ ವರ್ಷ ಬಂದದ್ದು, ಮುಂದಿನ ವರ್ಷದ ಲೆಕ್ಕಕ್ಕೇ ಹೋಗಲಿ ಎಂದು ಎಂಡಿ ಹೇಳಿದರು. ನಾನು ಉತ್ತರ ಕೊಟ್ಟದ್ದು ಹೀಗೆ: "ಸರ್, ಕಾಗದ ಈಗ ಬಂದಿರಬಹುದು, ಗುಳ್ಳೆ ಎರಕದ ದಿನವೇ ಇತ್ತು." ಹೊಣೆ ಹುಟ್ಟಿಸಿದ ಘಟನೆ ದೋಷದ ವಾಲ್ವನ್ನು ಕೊಟ್ಟದ್ದು. ಅದು ವರ್ಷ ಮುಗಿಯುವ ಎಷ್ಟೋ ಮೊದಲೇ ಆಗಿತ್ತು. ವರದಿ ಆ ಸ್ಥಿತಿಗೆ ಸಿಕ್ಕ ಪುರಾವೆ ಮಾತ್ರ. ಇಂಥದ್ದನ್ನು ಹಿಂದಿನ ವರ್ಷದ ಲೆಕ್ಕದಲ್ಲೇ ಸರಿಪಡಿಸಬೇಕು ಎಂದು, ವರ್ಷ ಮುಗಿದ ಮೇಲಿನ ಘಟನೆಗಳ ಕುರಿತ ಮಾನದಂಡ ಐಎಎಸ್ 10 ಹೇಳುತ್ತದೆ. ವರ್ಷ ಮುಗಿದ ಮೇಲೆ ಬೇರೊಂದು ವಾಲ್ವ್ ಕೊಟ್ಟು ಅದು ಒಡೆದಿದ್ದರೆ ಮಾತು ಬೇರೆ.

ಈಗ ವಕೀಲರು ಬರೆದು ಕೊಟ್ಟರು: ಗೆಲ್ಲುವ ಸಾಧ್ಯತೆ ನೂರಕ್ಕೆ 30. ಸೋತು 50 ಲಕ್ಷ ಕೊಡಬೇಕಾಗುವ ಸಾಧ್ಯತೆ 45. ಸೋತು 65 ಲಕ್ಷ ಕೊಡಬೇಕಾಗುವುದು 25. ಸೋಲಿನ ಕಡೆ ಒಟ್ಟು 70 ಆಯಿತು, ಬಾಗಿಲು ದಾಟಿತು. ಮೊತ್ತ ಎಷ್ಟು? ಗುಣಿಸಿ ಕೂಡಿದರೆ 38.75 ಲಕ್ಷ ಬರುತ್ತದೆ. ಈ ಸಲ ಆ ಕಡೆ ಹೋಗಲಿಲ್ಲ. ಒಂಟಿ ಹೊಣೆಗೆ ಎಲ್ಲಕ್ಕಿಂತ ಹೆಚ್ಚು ಸಂಭವ ಇರುವ ಮೊತ್ತದಿಂದ ಶುರು ಮಾಡಬೇಕು, ಅದು 50. ಆಮೇಲೆ ಉಳಿದ ಸಾಧ್ಯತೆಗಳು ಯಾವ ಕಡೆ ಇವೆ ಎಂದು ನೋಡಬೇಕು. ಎಲ್ಲವೂ 50ಕ್ಕಿಂತ ಮೇಲಿದ್ದರೆ ಅಂದಾಜನ್ನು ಸ್ವಲ್ಪ ಮೇಲಕ್ಕೆ ಎಳೆಯಬೇಕಾಗುತ್ತಿತ್ತು. ನಮ್ಮಲ್ಲಿ ಗೆದ್ದರೆ ಬರುವ ಸೊನ್ನೆ ಕೆಳಗೆ, 65 ಮೇಲೆ. 50 ಲಕ್ಷಕ್ಕೇ ನಿಂತೆವು. ತೀರ್ಪು ವರ್ಷದೊಳಗೆ ಬರುವ ನಿರೀಕ್ಷೆ ಇತ್ತು, ಹಾಗಾಗಿ ಇಂದಿನ ಮೌಲ್ಯಕ್ಕೆ ಇಳಿಸುವ ಲೆಕ್ಕ ಬೇಕಾಗಲಿಲ್ಲ.

ನಿಜವಾದ ಜಟಾಪಟಿ ಶುರುವಾದದ್ದು ಇಲ್ಲಿಂದ. ನಮಗೆ ಇಂಥ ನಷ್ಟಕ್ಕೆ ವಿಮೆ ಇತ್ತು. ಮೊದಲ 5 ಲಕ್ಷ ನಮ್ಮದು, ಉಳಿದದ್ದು ವಿಮಾ ಕಂಪನಿಯದು. "ಹಾಗಾದರೆ ನಮ್ಮ ನಷ್ಟ 5 ಲಕ್ಷ ತಾನೇ? ಅಷ್ಟೇ ಬರೀರಿ" ಎಂದರು ಎಂಡಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ವಿಮಾ ಕಂಪನಿಯ ಪತ್ರ ತೆಗೆದು ಓದಿದರೆ, ಕ್ಲೇಮು ಬಂದಿದೆ, ಪರಿಶೀಲಿಸುತ್ತಿದ್ದೇವೆ, ನಮ್ಮ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇವೆ ಎಂದಿತ್ತು. ಅಂದರೆ ಕೊಡುತ್ತೇವೆ ಎಂದು ಹೇಳಿಲ್ಲ. ದೋಷ ಮೊದಲೇ ಗೊತ್ತಿತ್ತು ಎಂಬ ಕಾರಣ ಹಿಡಿದು ಮುಂದೆ ನಿರಾಕರಿಸುವ ದಾರಿ ತೆರೆದಿಟ್ಟುಕೊಂಡಿದ್ದರು.

ಇಲ್ಲೇ ಎರಡು ಅಳತೆಯ ಮಾತು ಬರುವುದು. ಕೊಡಬೇಕಾದದ್ದಕ್ಕೆ ಅರ್ಧಕ್ಕಿಂತ ಕೂದಲೆಳೆ ಜಾಸ್ತಿ ಇದ್ದರೂ ಸಾಕು. ಬರಬೇಕಾದದ್ದು ಲೆಕ್ಕಕ್ಕೆ ಏರಲು ಬಹುಮಟ್ಟಿಗೆ ಖಚಿತವೇ ಆಗಿರಬೇಕು. ವಿಮೆ ಹಣ ಬರುವ ಸಾಧ್ಯತೆ ನೂರಕ್ಕೆ 80 ಎಂದು ನಮಗೆ ಅನ್ನಿಸಿತ್ತು. 80 ಸಾಲದು. ಅರ್ಧಕ್ಕಿಂತ ಜಾಸ್ತಿ ಇದ್ದದ್ದರಿಂದ ಅದನ್ನು ಕಂಟಿಂಜೆಂಟ್ ಅಸೆಟ್, ಅಂದರೆ ಸಂಭಾವ್ಯ ಆಸ್ತಿ ಎಂದು ನೋಟ್ಸ್‌ನಲ್ಲಿ ಹೇಳಬೇಕಿತ್ತು, ಹೇಳಿದೆವು. ಅರ್ಧಕ್ಕಿಂತ ಕಡಿಮೆ ಆಗಿದ್ದರೆ ಅದೂ ಇಲ್ಲ. ಆ ವರ್ಷದ ಲಾಭದಿಂದ ಪೂರ್ತಿ 50 ಲಕ್ಷ ಕಳೆಯಿತು. ಎದುರಿಗೆ ಆಸ್ತಿ ಸೊನ್ನೆ.

ಎಂಡಿ ತುಂಬ ಬೇಸರಪಟ್ಟುಕೊಂಡರು. ನನಗೂ ಕಷ್ಟ ಅನ್ನಿಸಿತು. ಒಂದೇ ಘಟನೆಯ ಎರಡು ತುದಿಗೆ ಇಷ್ಟು ಬೇರೆ ಅಳತೆ ಯಾಕೆ ಎಂದು ಆಗ ನಾನೂ ಕೇಳಿಕೊಂಡಿದ್ದೆ. ಈಗ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಸಾಲ ಕೊಟ್ಟವರು ಆ ಲೆಕ್ಕ ಓದುತ್ತಾರೆ. ವಿಮೆಯವರು ಕೈಯೆತ್ತಿದರೂ ಗ್ರಾಹಕರಿಗೆ ಕೊಡುವ ಹೊಣೆ ನಮ್ಮ ಮೇಲೇ ಉಳಿಯುತ್ತಿತ್ತು. 5 ಲಕ್ಷ ಎಂದು ಬರೆದಿದ್ದರೆ ಸಾಲ ಕೊಟ್ಟವರು ಅದನ್ನು ನೋಡಿ ಮೋಸ ಹೋಗುತ್ತಿದ್ದರು.

ಇನ್ನೊಂದು ಸಂಗತಿ. ಪ್ರಾವಿಷನ್‌ಗಳ ಪಟ್ಟಿಯಲ್ಲಿ ಈ 50 ಲಕ್ಷವನ್ನು ಒಂಟಿಯಾಗಿ ತೋರಿಸಿದರೆ ಎದುರಾಳಿಗೆ ನಮ್ಮ ಅಂದಾಜು ತಿಳಿಯುತ್ತದೆ. ನಮ್ಮ ಬಳಿ ಇನ್ನೆರಡು ಸಣ್ಣ ದಾವೆಗಳಿದ್ದವು. ಮೂರನ್ನೂ ಕಾನೂನು ವ್ಯಾಜ್ಯ ಎಂಬ ಒಂದೇ ವರ್ಗದಲ್ಲಿ ಕೂಡಿಸಿದೆವು. ವಾರಂಟಿ ಪ್ರಾವಿಷನ್ ಜೊತೆ ಬೆರೆಸಲು ಹೋಗಲಿಲ್ಲ, ಅವೆರಡರ ಸ್ವಭಾವವೇ ಬೇರೆ.

ಮೂರನೇ ವರ್ಷದ ಮಧ್ಯೆ ವಿಮಾ ಕಂಪನಿ ಲಿಖಿತವಾಗಿ ಒಪ್ಪಿಕೊಂಡಿತು: ಪಾಲಿಸಿ ಅನ್ವಯಿಸುತ್ತದೆ, 5 ಲಕ್ಷದ ಮೇಲಿನದ್ದನ್ನು ಕೊಡುತ್ತೇವೆ. ಆ ಪತ್ರ ಬಂದ ಮೇಲೆಯೇ 45 ಲಕ್ಷವನ್ನು ಆಸ್ತಿಯಾಗಿ ಬರೆದೆ. ಪ್ರಾವಿಷನ್‌ನಿಂದ ಕಳೆಯಲಿಲ್ಲ. ಬ್ಯಾಲೆನ್ಸ್ ಶೀಟ್‌ನ ಒಂದು ಕಡೆ 50ರ ಹೊಣೆ, ಇನ್ನೊಂದು ಕಡೆ 45ರ ಆಸ್ತಿ. ಲಾಭನಷ್ಟದ ಪಟ್ಟಿಯಲ್ಲಿ ಮಾತ್ರ ಖರ್ಚು ಮತ್ತು ವಿಮೆಯನ್ನು ಒಂದಕ್ಕೊಂದು ಕಳೆದು ತೋರಿಸಲು ಅವಕಾಶವಿದೆ. ಆ ಆಸ್ತಿ ಪ್ರಾವಿಷನ್‌ಗಿಂತ ದೊಡ್ಡದಾಗುವಂತೆಯೂ ಇಲ್ಲ.

ವರ್ಷದ ಕೊನೆಗೆ ಎರಡೂ ಕಡೆಯವರು ಕೂತು 52 ಲಕ್ಷಕ್ಕೆ ರಾಜಿಯಾದರು. ವಿಮೆಯವರೂ ಅದಕ್ಕೆ ಒಪ್ಪಿದರು. 50 ಲಕ್ಷ ಪ್ರಾವಿಷನ್‌ನಿಂದ ಹೋಯಿತು, ಮಿಕ್ಕ 2 ಲಕ್ಷ ಆ ವರ್ಷದ ಖರ್ಚು. ವಿಮೆಯಿಂದ 47 ಲಕ್ಷ ಬಂತು. ಅಂದಾಜು 2 ಲಕ್ಷ ತಪ್ಪಿತ್ತಲ್ಲ, ಹಿಂದಿನ ವರ್ಷದ ಲೆಕ್ಕ ತಿದ್ದಬೇಕಾ ಎಂದು ಎಂಡಿ ಕೇಳಿದರು. ಬೇಡ ಎಂದೆ. ಆಗ ಕೈಯಲ್ಲಿದ್ದ ಪುರಾವೆಗೆ 50 ಸರಿಯಾದ ಅಂದಾಜೇ ಆಗಿತ್ತು.