ಲೋ ಶು ಗ್ರಿಡ್: ಖಾಲಿ ಮನೆ ಕಂಡು ಗಾಬರಿಯಾಗುವ ಮೊದಲು

ಹುಟ್ಟಿದ ದಿನಾಂಕದ ಅಂಕಿಗಳನ್ನು ಒಂಬತ್ತು ಮನೆಯ ಚೌಕದಲ್ಲಿ ತುಂಬಿ ಸ್ವಭಾವ ಓದುವ ಸಂಖ್ಯಾಶಾಸ್ತ್ರದ ಪದ್ಧತಿ ಲೋ ಶು ಗ್ರಿಡ್. ಅದನ್ನು ಬರೆಯೋದು ಐದು ನಿಮಿಷದ ಕೆಲಸ. ಜನ ಎಡವುವುದು ಅದನ್ನು ಓದುವಾಗ. ಖಾಲಿ ಮನೆ ಕಂಡ ಕೂಡಲೇ ‘ಅಯ್ಯೋ, ನನಗೆ 5 ಇಲ್ಲ’ ಎಂದು ಕೊರಗುವವರನ್ನು ಬಹಳ ನೋಡಿದ್ದೇನೆ. ಆ ಅಂಕಿ ಯಾಕೆ ಇಲ್ಲ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಮೊದಲು ಚೌಕ ಹಾಕಿ. ಮೇಲಿನ ಸಾಲು 4, 9, 2. ನಡುವೆ 3, 5, 7. ಕೆಳಗೆ 8, 1, 6. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ, ಹೇಗೆ ಕೂಡಿದರೂ 15 ಬರಬೇಕು. ಚೀನಾದ ಲೋ ನದಿಯ ಆಮೆಯ ಬೆನ್ನ ಮೇಲೆ ಕಂಡಿತೆಂದು ಐತಿಹ್ಯ ಹೇಳುವ ಚೌಕ ಇದೇ. 3, 6, 9 ಮೇಲಿನ ಸಾಲಿನಲ್ಲಿರುವ ಚೌಕ ಬೇರೆ ಪದ್ಧತಿಯದು. ಕೆಲವು ಆ್ಯಪ್‌ಗಳು ಎರಡನ್ನೂ ಕಲಸಿಬಿಡುತ್ತವೆ.

ಆಮೇಲೆ ಹುಟ್ಟಿದ ದಿನಾಂಕ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯದಲ್ಲ, ನಿಜವಾದದ್ದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದ ತಾರೀಕು ಹಳೆಯ ತಲೆಮಾರಿನಲ್ಲಿ ಎಷ್ಟೋ ಜನರಿಗಿದೆ.

24-11-1986ರಂದು ಹುಟ್ಟಿದ ಒಬ್ಬ ಹೆಣ್ಣುಮಗಳು ಎಂದುಕೊಳ್ಳಿ. ಅಂಕಿಗಳು 2, 4, 1, 1, 1, 9, 8, 6. ಪ್ರತಿಯೊಂದನ್ನೂ ಅದರದರ ಮನೆಯಲ್ಲಿ ಬರೆಯಿರಿ. ಸೊನ್ನೆ ಇದ್ದರೆ ಬಿಡಿ, ಅದಕ್ಕೆ ಮನೆ ಇಲ್ಲ. ಈಗ ಮೂಲಾಂಕ: 2+4=6. ಭಾಗ್ಯಾಂಕ: ಎಲ್ಲ ಕೂಡಿದರೆ 32, ಅಂದರೆ 5. ಇವೆರಡನ್ನೂ ಸೇರಿಸಿ. 1ರಿಂದ 9ನೇ ತಾರೀಕಿನವರು ಮತ್ತು 10, 20, 30ರಂದು ಹುಟ್ಟಿದವರು ಮೂಲಾಂಕವನ್ನು ಮತ್ತೆ ಬರೆಯಬಾರದು. ಅದು ಆಗಲೇ ಚೌಕದಲ್ಲಿದೆ.

4 | 9 | 2
– | 5 | –
8 | 111 | 66

3 ಮತ್ತು 7 ಇಲ್ಲ. 1 ಮೂರು ಸಲ, 6 ಎರಡು ಸಲ ಬಂದಿದೆ.

ಓದುವ ಮೊದಲು ಒಂದು ಕೆಲಸ ಮಾಡಿ: ಇಸವಿಯ ಪಾಲು ಕಳೆಯಿರಿ. 1900ರಿಂದ 1999ರವರೆಗೆ ಹುಟ್ಟಿದ ಎಲ್ಲರಿಗೂ 1 ಮತ್ತು 9 ಇದ್ದೇ ಇರುತ್ತವೆ. ಆ ಕಾಲದವರಿಗೆ ‘ನಿಮಗೆ 9 ಇಲ್ಲ’ ಎಂದು ಯಾರಾದರೂ ಹೇಳಿದರೆ ಅವರ ಲೆಕ್ಕ ತಪ್ಪಿದೆ, ಅಥವಾ ಅವರು ಇಸವಿಯ ಮೊದಲೆರಡು ಅಂಕಿ ಬಿಡುವ ಪಂಥದವರು. 2000ದ ನಂತರದವರಿಗೆ 2 ಖಂಡಿತ, ಜೊತೆಗೆ ಸೊನ್ನೆಗಳ ಕಾಟ. 20-10-2002ರ ಹುಡುಗನ ಚೌಕದಲ್ಲಿ 2, 2, 2, 1 ಮತ್ತು ಭಾಗ್ಯಾಂಕ 7 ಅಷ್ಟೇ. ಆರು ಮನೆ ಖಾಲಿ. ಅದು ಆ ಹುಡುಗನ ದೋಷವಲ್ಲ, ಕ್ಯಾಲೆಂಡರಿನ ಸ್ವಭಾವ. ಓರಗೆಯ ಹುಡುಗರ ಚೌಕದ ಪಕ್ಕ ಇಟ್ಟು ನೋಡಿ, ತಂದೆಯ ಚೌಕದ ಪಕ್ಕ ಬೇಡ.

ನಮ್ಮ ಹೆಣ್ಣುಮಗಳಿಗೆ ಮಧ್ಯದ ಕಂಬಸಾಲು 9-5-1 ಪೂರ್ತಿ ಇದೆ. ಇದು ಛಲದ ಸಾಲು. ಆದರೆ 9 ಮತ್ತು ಒಂದು 1 ಇಸವಿಯಿಂದ ಬಂದವು. ಅವಳ ಓರಗೆಯವರಲ್ಲಿ 5 ಇರುವ ಎಲ್ಲರಿಗೂ ಈ ಸಾಲು ತುಂಬುತ್ತದೆ. ಹಾಗಾಗಿ ಇದಕ್ಕೆ ಜಾಸ್ತಿ ತೂಕ ಬೇಡ. ಮೂಲೆಯಿಂದ ಮೂಲೆಗೆ ಹೋಗುವ 4-5-6 ಮತ್ತು 2-5-8 ಎರಡೂ ತುಂಬಿವೆ ಅಲ್ವಾ, ಅದಕ್ಕೆ ಬೆಲೆ ಕೊಡಿ. ಅಲ್ಲಿ ಇಸವಿ ತಂದದ್ದು 8 ಮತ್ತು 6 ಮಾತ್ರ, ಅವು ಶತಮಾನಕ್ಕಲ್ಲ, ಹುಟ್ಟಿದ ವರ್ಷಕ್ಕೇ ಸೇರಿದವು. 4-5-6 ತುಂಬಿದರೆ ರಾಜಯೋಗ, 2-5-8 ತುಂಬಿದರೆ ಆಸ್ತಿಯೋಗ ಎನ್ನುತ್ತಾರೆ.

ಮರುಕಳಿಸಿದ ಅಂಕಿಯಲ್ಲಿ ಎಣಿಕೆ ಮುಖ್ಯ. 1 ಎಂದರೆ ಮಾತು. ಒಂದೇ ಇದ್ದರೆ ಮನಸ್ಸಿನ ಮಾತು ಹೊರಗೆ ಬರುವುದು ಕಷ್ಟ, ಎರಡಿದ್ದರೆ ಹದ, ಮೂರಾದರೆ ವಾಚಾಳಿ. ನಾಲ್ಕಾದರೆ ಮತ್ತೆ ಮಾತು ಒಳಗೇ ಉಳಿಯುತ್ತದೆ. ಅಂಕಿ ಹೆಚ್ಚಿದಷ್ಟೂ ಒಳ್ಳೆಯದು ಎನ್ನುವುದು ತಪ್ಪು.

ಇಲ್ಲೇ ಕುವಾ ಅಂಕಿಯ ತಕರಾರು. ಯಾರಿಗೆ ಯಾವ ದಿಕ್ಕು ಒಳ್ಳೆಯದೆಂದು ನೋಡಲು ಹುಟ್ಟಿದ ಇಸವಿಯಿಂದ ತೆಗೆಯುವ ಫೆಂಗ್ ಶೂಯಿ ಅಂಕಿ ಅದು. ಇಸವಿ ಕೂಡಿದರೆ 24, ಅಂದರೆ 6. ಹೆಣ್ಣಿಗೆ 4 ಸೇರಿಸಿ 10, ಅಂದರೆ 1. ಗಂಡಾದರೆ 11ರಲ್ಲಿ 6 ಕಳೆದು 5. ಇದನ್ನೂ ಚೌಕಕ್ಕೆ ಹಾಕುವವರಿದ್ದಾರೆ. ಹಾಕಿದರೆ ಇವಳ 1 ನಾಲ್ಕಾಗುತ್ತದೆ, ವಾಚಾಳಿ ಒಮ್ಮೆಗೇ ಮೌನಿಯಾಗುತ್ತಾಳೆ! ಕುವಾವನ್ನು ದಿಕ್ಕು ನೋಡಲು ಮಾತ್ರ ಇಟ್ಟುಕೊಳ್ಳಿ, ಚೌಕಕ್ಕೆ ಬೇಡ. ದಿಕ್ಕಿಗೆ ನೋಡುವಾಗಲೂ ಫೆಬ್ರವರಿ 4ಕ್ಕಿಂತ ಮೊದಲು ಹುಟ್ಟಿದವರು ಹಿಂದಿನ ಇಸವಿ ತೆಗೆದುಕೊಳ್ಳಬೇಕು. ಚೀನೀ ಸೌರವರ್ಷ ಆ ಹೊತ್ತಿಗೆ ಶುರುವಾಗುತ್ತದೆ.

ಕೊನೆಗೆ ಖಾಲಿ ಮನೆಗಳು. 3 ಇಲ್ಲದಿದ್ದರೆ ತನ್ನ ಯೋಚನೆಯ ಮೇಲೆ ತನಗೇ ನಂಬಿಕೆ ಕಡಿಮೆ. 7 ಇಲ್ಲದಿದ್ದರೆ ಒಳಮುಖವಾಗಿ ಕೂರುವ ಅಭ್ಯಾಸ ಕಡಿಮೆ. ಇವಳಿಗೆ ಬುದ್ಧಿಯ ಸಾಲಾದ 4-9-2 ಪೂರ್ತಿ ಇರುವುದರಿಂದ ಬುದ್ಧಿಗೆ ಕೊರತೆಯಿಲ್ಲ, ಅದನ್ನು ನಂಬುವುದಕ್ಕೆ ಕೊರತೆ. ಖಾಲಿ ಮನೆಯನ್ನು ಹೀಗೆ ಪಕ್ಕದ ಮನೆಗಳ ಜೊತೆಗೇ ಓದಬೇಕು.

ಖಾಲಿ ಅಂಕಿಗೆಂದು ಮಾರುವ ಕಲ್ಲಿನ ಬ್ರೇಸ್‌ಲೆಟ್‌ಗೆ ದುಡ್ಡು ಹಾಕಬೇಡಿ. ಹಲವು ಬರೀ ಬಣ್ಣದ ಗಾಜು. 3ರ ಮನೆ ಪೂರ್ವ ದಿಕ್ಕಿನದು, ತತ್ವ ಮರ. ಆ ಕಡೆಯ ಕಿಟಕಿಯಲ್ಲಿ ಒಂದು ತುಳಸಿ ಕುಂಡ ಇಟ್ಟರೆ ಆ ಮನೆಗೆ ಹೇಳಿದ ಪರಿಹಾರ ಮುಗಿಯಿತು.