ಮ್ಯಾನೇಜರ್ ಹಾಗೇ ಮುಂದೆ ಕಳಿಸಬಹುದಾದ ಮೇಲ್: ಇಂಟರ್ನ್‌ಶಿಪ್‌ನಿಂದ ಫುಲ್‌ಟೈಮ್‌ಗೆ, ನನ್ನ ಅನುಭವ

ಪುಣೆಯ ಖರಾಡಿಯ ಒಂದು ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ಟೀಮಿನಲ್ಲಿ ಜನವರಿಯಿಂದ ಜೂನ್ 30ರವರೆಗೆ ಇಂಟರ್ನ್ ಆಗಿದ್ದೆ. ಫುಲ್‌ಟೈಮ್ ಹುದ್ದೆ ಕೇಳಿ ಬರೆದ ಮೇಲ್‌ನ ಮೊದಲ ಕರಡನ್ನು ಅದೇ ಆಫೀಸಿನ ಧಾರವಾಡದ ಸೀನಿಯರ್ ಒಬ್ಬರಿಗೆ ತೋರಿಸಿದೆ. ಅವರು ಓದಿ ಹೇಳಿದ್ದು ಒಂದೇ ಮಾತು: "ತಮ್ಮಾ, ಇದನ್ನ ನಾ ಎಚ್‌ಆರ್‌ಗೆ ಕಳಸಬೇಕಂದ್ರ ಮತ್ತ ನಾನ ಕುಂತು ಬರೀಬೇಕಲ್ಲೋ." ಮೇಲ್ ತಿದ್ದುವಾಗ ನಾನು ಹಿಡಿದುಕೊಂಡದ್ದು ಆ ಮಾತನ್ನೇ. ಮೇಲ್ ಹೋಗುವುದು ಮ್ಯಾನೇಜರ್‌ಗೆ. ಆದರೆ ಹುದ್ದೆ ಮಂಜೂರು ಮಾಡುವವರು ಅವರ ಮೇಲಿನ ಡೈರೆಕ್ಟರ್, ಫೈನಾನ್ಸ್ ಮತ್ತು ಎಚ್‌ಆರ್. ಅವರು ಯಾರೂ ನಮ್ಮ ಮುಖ ನೋಡಿದವರಲ್ಲ. ಮ್ಯಾನೇಜರ್ ಒಂದಕ್ಷರ ಸೇರಿಸದೆ ಫಾರ್ವರ್ಡ್ ಒತ್ತಿದರೂ ಅವರಿಗೆ ಎಲ್ಲ ಅರ್ಥವಾಗಬೇಕು.

ಯಾವಾಗ ಕಳಿಸಬೇಕು ಎನ್ನುವುದನ್ನು ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿಕೊಂಡೆ. ಆಫರ್ ಲೆಟರ್ ಜೂನ್ ಮಧ್ಯಕ್ಕೆ ಕೈಗೆ ಬರಬೇಕು. ಸಂಬಳ ನಿಗದಿ ಮಾಡಿ ಲೆಟರ್ ತಯಾರಿಸಲು ಎಚ್‌ಆರ್‌ಗೆ ಒಂದು ವಾರ. ಇಂಟರ್ನ್ ಆಗಿದ್ದರೂ ಒಂದೆರಡು ಸುತ್ತು ಇಂಟರ್ವ್ಯೂ ಇಡುವ ಕಂಪನಿಗಳಿವೆ, ಅದಕ್ಕೊಂದು ವಾರ. ಹುದ್ದೆಯ ಮಂಜೂರಾತಿಗೆ ಎರಡರಿಂದ ಮೂರು ವಾರ. ಎಲ್ಲ ಕೂಡಿದರೆ ಮೇ ಎರಡನೆಯ ವಾರದ ಹತ್ತಿರ ಬಂದು ನಿಲ್ಲುತ್ತೇವೆ, ಅಂದರೆ ಕೊನೆಯ ದಿನಕ್ಕೆ ಸುಮಾರು ಏಳು ವಾರ ಮೊದಲು. ಮೇ 1 ಮಹಾರಾಷ್ಟ್ರ ದಿನದ ರಜೆ, ಅದಕ್ಕೆ ಒಂದೆರಡು ದಿನ ಸೇರಿಸಿ ಊರಿಗೆ ಹೋಗುವವರೇ ಹೆಚ್ಚು. ಆದ್ದರಿಂದ ಆ ವಾರ ಬಿಟ್ಟು ಮುಂದಿನ ಮಂಗಳವಾರ ಶುರು ಮಾಡಿದೆ. ಸೋಮವಾರ ನಮ್ಮ ಟೀಮಿನಲ್ಲಿ ವಾರದ ಪ್ಲಾನಿಂಗ್ ಇರುತ್ತಿತ್ತು, ಅಂದು ಬಂದ ಮೆಸೇಜ್ ಸಂಜೆಯೊಳಗೆ ಕೆಳಗೆ ಜಾರಿಬಿಡುತ್ತದೆ.

ಜೂನ್ ಕೊನೆಯ ವಾರದಲ್ಲಿ ಕೇಳುವುದೇ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು. ಮ್ಯಾನೇಜರ್‌ಗೆ ಮನಸ್ಸಿದ್ದರೂ ಆಗ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಬಜೆಟ್ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇರುವ ಕಂಪನಿಯಲ್ಲಿ ವರ್ಷದ ಹೊಸ ಹುದ್ದೆಗಳ ಲೆಕ್ಕ ಬಹುಮಟ್ಟಿಗೆ ಏಪ್ರಿಲ್‌ಗೆ ಮೊದಲೇ ಆಗಿರುತ್ತದೆ. ಹೆಡ್ ಆಫೀಸ್ ಅಮೆರಿಕದಲ್ಲಿದ್ದರೆ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ ನಡೆಯುವುದೂ ಉಂಟು. ಯಾವುದೇ ಆದರೂ ಮೇ ತಿಂಗಳಲ್ಲಿ ನಮಗಾಗಿ ಹೊಸ ಹುದ್ದೆ ಹುಟ್ಟಿಸುವುದು ಕಷ್ಟ. ಮಂಜೂರಾಗಿ ಖಾಲಿ ಇರುವ ಹುದ್ದೆಯನ್ನು ನಮಗೆ ಕೊಡಿಸುವುದು ಅಷ್ಟು ಕಷ್ಟವಲ್ಲ. ಹಾಗಾಗಿ "ನನಗೆ ಕೆಲಸ ಕೊಡುತ್ತೀರಾ" ಎಂದು ಕೇಳಲಿಲ್ಲ, "ಈ ವರ್ಷ ಟೀಮಿಗೆ ಮಂಜೂರಾದ ಫ್ರೆಶರ್ ಹುದ್ದೆ ಇದೆಯೇ" ಎಂದು ಕೇಳಿದೆ. ಮೊದಲಿನದಕ್ಕೆ "ನೋಡೋಣ" ಅಂದು ಬಿಡಬಹುದು. ಎರಡನೆಯದಕ್ಕೆ ಇದೆ ಅಥವಾ ಇಲ್ಲ ಅನ್ನಲೇಬೇಕು.

ಮೇಲ್‌ಗೆ ಮೊದಲು ಚಾಟ್‌ನಲ್ಲಿ ಎರಡೇ ಸಾಲು ಹಾಕಿದೆ: "ಜೂನ್ 30ಕ್ಕೆ ನನ್ನ ಇಂಟರ್ನ್‌ಶಿಪ್ ಮುಗಿಯುತ್ತದೆ. ಆಮೇಲೆ ಇದೇ ಟೀಮಿನಲ್ಲಿ ಫುಲ್‌ಟೈಮ್ ಸೇರುವ ಬಗ್ಗೆ ಗುರುವಾರದ ಒನ್-ಆನ್-ಒನ್‌ನಲ್ಲಿ 10 ನಿಮಿಷ ಮಾತಾಡಬಹುದಾ?" ವಿಷಯ ಹೇಳದೆ "ಸ್ವಲ್ಪ ಮಾತಾಡೋದಿತ್ತು" ಎಂದಷ್ಟೇ ಬರೆದರೆ ಓದಿದವರು ಏನೋ ತೊಂದರೆಯಾಗಿದೆ ಅಂದುಕೊಳ್ಳುತ್ತಾರೆ. ವಿಷಯ ಮೊದಲೇ ಗೊತ್ತಿದ್ದರೆ ಗುರುವಾರಕ್ಕೆ ಮುಂಚೆ ಡೈರೆಕ್ಟರ್ ಹತ್ತಿರ ಒಂದು ಮಾತು ವಿಚಾರಿಸಿಕೊಂಡು ಬರಲು ಅವರಿಗೆ ಸಮಯ ಸಿಗುತ್ತದೆ. ಮೇಲ್ ಹೋದದ್ದು ಗುರುವಾರ ಮಾತಾಡಿದ ಮೇಲೆ, ಅದೇ ಸಂಜೆ.

ಆಫೀಸಿನಲ್ಲಿ ಇದೆಲ್ಲ ಇಂಗ್ಲಿಷಿನಲ್ಲೇ ಹೋಗುವುದು. ಒಳಗಿದ್ದದ್ದನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ:

"ವಿಷಯ: ಫುಲ್‌ಟೈಮ್ ಹುದ್ದೆಯ ವಿಚಾರಣೆ, (ಹೆಸರು), ಟೆಸ್ಟಿಂಗ್ ಇಂಟರ್ನ್, ಕೊನೆಯ ದಿನ ಜೂನ್ 30

ಇವತ್ತು ಸಮಯ ಕೊಟ್ಟದ್ದಕ್ಕೆ ಧನ್ಯವಾದ. ಮಾತಾಡಿದಂತೆ, ಜುಲೈಯಿಂದ ಇದೇ ಟೀಮಿನಲ್ಲಿ ಟೆಸ್ಟ್ ಎಂಜಿನಿಯರ್ ಆಗಿ ಫುಲ್‌ಟೈಮ್ ಸೇರಲು ನನಗೆ ಆಸಕ್ತಿ ಇದೆ.

ಈವರೆಗೆ ಆದ ಕೆಲಸ: ಇನ್‌ವಾಯ್ಸ್ ಮಾಡ್ಯೂಲಿನ 84 ರಿಗ್ರೆಷನ್ ಟೆಸ್ಟ್‌ಗಳಲ್ಲಿ 61 ಆಟೊಮೇಟ್ ಆಗಿವೆ. ಮೊದಲು ಪ್ರತಿ ರಿಲೀಸಿಗೆ ಇಬ್ಬರು ಒಂದು ದಿನ ಕೂತು ಮಾಡುತ್ತಿದ್ದದ್ದು ಈಗ ರಾತ್ರಿ ತಾನಾಗಿ ಓಡುತ್ತದೆ. ಉಳಿದ 23ಕ್ಕೆ ಒಬ್ಬರ ಸುಮಾರು 2 ಗಂಟೆ ಬೇಕು. ಏಪ್ರಿಲ್ ರಿಲೀಸಿಗೆ ಮುಂಚೆ ತೆರಿಗೆ ಮೊತ್ತದ ರೌಂಡಿಂಗ್ ದೋಷ ಸಿಕ್ಕಿದ್ದು ಈ ರಾತ್ರಿಯ ರನ್‌ನಲ್ಲಿ.

ಜೂನ್ 30ರ ನಂತರ ಉಳಿಯುವುದು: 23ರಲ್ಲಿ 15 ಟೆಸ್ಟ್ ಆಟೊಮೇಟ್ ಮಾಡಲು ಬರುತ್ತದೆ. ಪೇಮೆಂಟ್ ಮಾಡ್ಯೂಲ್ ಇನ್ನೂ ಶುರುವಾಗಿಲ್ಲ. ಸ್ಕ್ರೀನ್ ಬದಲಾದಾಗ ಹಳೆಯ 61ನ್ನು ತಿದ್ದುತ್ತಿರಬೇಕಾಗುತ್ತದೆ.

ಎರಡು ವಿಷಯ ತಿಳಿಯಬೇಕಿತ್ತು. ಈ ವರ್ಷ ಟೀಮಿಗೆ ಮಂಜೂರಾದ ಫ್ರೆಶರ್ ಹುದ್ದೆ ಇದೆಯೇ? ಇದ್ದರೆ ಇಂಟರ್ನ್‌ಗೆ ಇರುವ ಪ್ರಕ್ರಿಯೆ ಏನು, ನನ್ನ ಕಡೆಯಿಂದ ಯಾವ ಕಾಗದ ಬೇಕು? ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ಗೆ ನನ್ನ ಸ್ಥಿತಿಯನ್ನು ಜೂನ್ 10ಕ್ಕೆ ತಿಳಿಸಬೇಕಿದೆ. ಅದಕ್ಕೆ ಮುಂಚೆ ಒಂದು ಸೂಚನೆ ಸಿಕ್ಕರೆ ಅನುಕೂಲ.

ನನ್ನ ಸ್ವಂತ ಇಮೇಲ್ ಮತ್ತು ಫೋನ್ ಕೆಳಗಿದೆ."

ಈ ಮೇಲ್‌ನಲ್ಲಿ ಕೆಲಸ ಮಾಡುವುದು "ಉಳಿಯುವುದು" ಎಂಬ ಭಾಗ. ನನ್ನ ಮೊದಲ ಕರಡಿನಲ್ಲಿ ಅದು ಇರಲೇ ಇಲ್ಲ. ಅಲ್ಲಿದ್ದದ್ದು "ಈ ಆರು ತಿಂಗಳಲ್ಲಿ ಸೆಲೆನಿಯಂ, ಜೆಂಕಿನ್ಸ್ ಎಲ್ಲ ಕಲಿತೆ, ಅವಕಾಶ ಕೊಟ್ಟರೆ ಋಣಿಯಾಗಿರುತ್ತೇನೆ" ಎಂಬ ಸಾಲು. ಕಲಿತದ್ದು ನಮಗಾದ ಲಾಭ, ಕಂಪನಿಯ ಲೆಕ್ಕದಲ್ಲಿ ಅದು ಖರ್ಚು. ಡೈರೆಕ್ಟರ್ ಮ್ಯಾನೇಜರ್‌ಗೆ ಕೇಳುವುದು "ಈ ಹುಡುಗ ಜುಲೈ 1ಕ್ಕೆ ಇಲ್ಲದಿದ್ದರೆ ಏನು ನಿಲ್ಲುತ್ತದೆ" ಎಂದು. ಅದಕ್ಕೆ ಉತ್ತರ ಮೇಲ್‌ನಲ್ಲೇ ಇದ್ದರೆ ಮ್ಯಾನೇಜರ್ ಅದನ್ನು ಹುಡುಕಬೇಕಾಗಿಲ್ಲ. ಉಳಿದ ಕೆಲಸವನ್ನು ಉಬ್ಬಿಸಿ ಬರೆಯಲೂ ಬಾರದು. 23ರಲ್ಲಿ 8 ಟೆಸ್ಟ್ ಪ್ರಿಂಟರ್ ಮೇಲೆ ಬಂದ ಕಾಗದವನ್ನು ಕಣ್ಣಿನಿಂದ ನೋಡುವಂಥವು, ಅವು ಆಟೊಮೇಟ್ ಆಗುವುದಿಲ್ಲ ಎಂದು ಮ್ಯಾನೇಜರ್‌ಗೆ ಗೊತ್ತಿತ್ತು. 23 ಎಂದು ಬರೆದಿದ್ದರೆ ಉಳಿದ ಅಂಕಿಗಳ ಮೇಲೂ ಅವರಿಗೆ ಅನುಮಾನ ಬರುತ್ತಿತ್ತು.

ಅಂಕಿಗಳನ್ನು ನೆನಪಿನಿಂದ ಬರೆಯಲಿಲ್ಲ. 84, 61 ಟೆಸ್ಟ್ ರಿಪೋರ್ಟಿನಿಂದ ಎಣಿಸಿದ್ದು. ಇಬ್ಬರಿಗೆ ಒಂದು ದಿನ ಎಂಬುದು ನಾನು ಬರುವ ಮುಂಚಿನ ಮಾತು, ಅದನ್ನು ಕೈಯಾರೆ ಮಾಡುತ್ತಿದ್ದವರನ್ನೇ ಕೇಳಿ ಖಚಿತ ಮಾಡಿಕೊಂಡೆ. ಗ್ರಾಹಕರ ಹೆಸರು, ಹಣದ ಮೊತ್ತ, ಸ್ಕ್ರೀನ್‌ಶಾಟ್ ಯಾವುದೂ ಇಲ್ಲ. ಈ ಮೇಲ್ ಎಷ್ಟು ಕೈ ದಾಟುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ.

ಸಂಬಳದ ಮಾತನ್ನೂ ಬೇಕೆಂದೇ ಬಿಟ್ಟೆ. ಫ್ರೆಶರ್‌ಗೆ ಎಷ್ಟು ಎಂಬುದನ್ನು ಸಾಮಾನ್ಯವಾಗಿ ಎಚ್‌ಆರ್ ಒಂದು ಮಿತಿಯೊಳಗೆ ಇಟ್ಟಿರುತ್ತದೆ, ಮ್ಯಾನೇಜರ್ ಅದನ್ನು ಬದಲಿಸಲಾರರು. ಹುದ್ದೆಯೇ ಮಂಜೂರಾಗದಿರುವಾಗ ಮೇಲ್‌ನಲ್ಲಿ ಮೊತ್ತ ಕಂಡರೆ ಚರ್ಚೆ ಹುದ್ದೆಯಿಂದ ದುಡ್ಡಿನ ಕಡೆ ಹೊರಳುತ್ತದೆ. ಎಚ್‌ಆರ್ ಫೋನ್ ಮಾಡಿದಾಗ ಕೇಳಿದರಾಯಿತು. ಎಚ್‌ಆರ್ ಅವರನ್ನು ಸಿಸಿ ಕೂಡ ಮಾಡಲಿಲ್ಲ. ತಮ್ಮ ತಲೆ ದಾಟಿ ಹೋದರು ಎಂದು ಮ್ಯಾನೇಜರ್‌ಗೆ ಅನ್ನಿಸಿದರೆ ಅಲ್ಲಿಗೆ ಮುಗಿಯಿತು.

ದಿನಾಂಕ ನಿಜವಾದದ್ದಾಗಿರಬೇಕು. ಕೈಯಲ್ಲಿ ಇಲ್ಲದ ಬೇರೆ ಆಫರ್ ತೋರಿಸಿ ಅವಸರ ಮಾಡುವವರಿದ್ದಾರೆ. "ಹಾಗಾದರೆ ಅದನ್ನೇ ತೊಗೊಳ್ಳಿ" ಅಂದರೆ ಹಿಂದೆ ಸರಿಯಲು ದಾರಿಯಿಲ್ಲ. ಪ್ಲೇಸ್‌ಮೆಂಟ್ ಸೆಲ್‌ನ ಗಡುವು ಯಾರನ್ನೂ ಬೆದರಿಸುವುದಿಲ್ಲ, ಆದರೆ ಮೇಲ್ ಮುಂದೆ ಸಾಗಲು ಒಂದು ದಿನಾಂಕ ಕೊಡುತ್ತದೆ.

ಸ್ವಂತ ಇಮೇಲ್ ಕೊಡುವುದನ್ನು ಬಹಳ ಜನ ಮರೆಯುತ್ತಾರೆ. ಕೊನೆಯ ದಿನ ಲ್ಯಾಪ್‌ಟಾಪ್ ಒಪ್ಪಿಸುತ್ತೇವೆ, ಕಂಪನಿಯ ಮೇಲ್ ಮುಚ್ಚುತ್ತದೆ. ಮಂಜೂರಾತಿ ಜುಲೈಗೆ ಜಾರಿದರೆ ಉತ್ತರ ಮುಚ್ಚಿದ ಪೆಟ್ಟಿಗೆಗೆ ಹೋಗಿ ಬೀಳುತ್ತದೆ.

ಎಂಟು ಕೆಲಸದ ದಿನ ಉತ್ತರ ಬರಲಿಲ್ಲ. ಆಗ ಅದೇ ಮೇಲ್‌ಗೆ ರಿಪ್ಲೈ ಹಾಕಿದೆ: "15ರಲ್ಲಿ 4 ಟೆಸ್ಟ್ ಈ ವಾರ ಮುಗಿದವು, ಒಟ್ಟು 65. ಹುದ್ದೆಯ ಬಗ್ಗೆ ಮಾಹಿತಿ ಸಿಕ್ಕಿದ್ದರೆ ತಿಳಿಸಿ, ನನ್ನಿಂದ ಏನಾದರೂ ಬೇಕಿದ್ದರೆ ಕಳಿಸುತ್ತೇನೆ." "ಏನಾಯ್ತು ಸರ್" ಎಂದಷ್ಟೇ ಕೇಳಿದರೆ ಮ್ಯಾನೇಜರ್‌ಗೆ ಮೇಲಿನವರ ಮುಂದೆ ಮತ್ತೆ ವಿಷಯ ಎತ್ತಲು ಹೊಸ ನೆಪವಿರುವುದಿಲ್ಲ. ಹಳೆಯ ಮೇಲ್‌ಗೇ ರಿಪ್ಲೈ ಮಾಡಿದ್ದರಿಂದ ಮೊದಲಿನ ವಿವರವೂ ಜೊತೆಗೇ ಹೋಗುತ್ತದೆ.

ಬರುವ ಉತ್ತರಗಳನ್ನು ಓದುವುದೂ ಒಂದು ಕೆಲಸ. "ಎಚ್‌ಆರ್ ನಿನ್ನ ಹತ್ತಿರ ರೆಸ್ಯೂಮೆ ಕೇಳುತ್ತಾರೆ" ಅಂದರೆ ಫೈಲ್ ಹೊರಟಿದೆ. "ನೀನು ಚೆನ್ನಾಗಿ ಮಾಡ್ತಿದ್ದೀಯ, ನೋಡೋಣ" ಅಂದರೆ ಇನ್ನೂ ಯಾರನ್ನೂ ಕೇಳಿಲ್ಲ. ಆಗ "ಯಾವ ವಾರ ಮತ್ತೆ ವಿಚಾರಿಸಲಿ" ಎಂದು ದಿನ ಗೊತ್ತು ಮಾಡಿಕೊಳ್ಳಬೇಕು. "ಮೂರು ತಿಂಗಳು ಇಂಟರ್ನ್‌ಶಿಪ್ ಮುಂದುವರಿಸೋಣ" ಅಂದರೆ ಹುದ್ದೆ ಸದ್ಯಕ್ಕೆ ಇಲ್ಲ ಎಂದರ್ಥ. ಒಪ್ಪುವುದಾದರೆ ಹೊಸ ಕೊನೆಯ ದಿನ, ಸ್ಟೈಪೆಂಡ್, ಹುದ್ದೆಯ ತೀರ್ಮಾನ ಯಾವ ತಿಂಗಳು, ಈ ಮೂರೂ ಬರಹದಲ್ಲಿ ಬೇಕು. "ಬೇರೆ ಏಜೆನ್ಸಿಯ ಪೇರೋಲ್‌ನಲ್ಲಿ ಸೇರು" ಅಂದರೆ ಅದು ಇದೇ ಕಂಪನಿಯಲ್ಲಿ ಫುಲ್‌ಟೈಮ್ ಆಗುವುದಲ್ಲ, ನಮ್ಮ ನೇಮಕದ ಪತ್ರ ಕೊಡುವವರು ಆ ಏಜೆನ್ಸಿಯವರು.

ಚಾಕಣ, ಭೋಸರಿ ಕಡೆಯ ಕಾರ್ಖಾನೆಗಳಲ್ಲಿರುವವರು ತಮ್ಮ ಕಾಗದವನ್ನು ಒಮ್ಮೆ ತೆಗೆದು ನೋಡಬೇಕು. ಬಾಯಲ್ಲಿ ಇಂಟರ್ನ್ ಅಂದರೂ ಅದರಲ್ಲಿ ಅಪ್ರೆಂಟಿಸ್ ಎಂದಿರಬಹುದು. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯ ಪ್ರಕಾರ ತರಬೇತಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಪ್ರತಿ ಕಂಪನಿಯೂ ತನ್ನದೇ ನೀತಿ ಮಾಡಿಕೊಳ್ಳಬೇಕು. ಆದ್ದರಿಂದ ಅಂಥವರ ಮೇಲ್‌ನಲ್ಲಿ ಮೊದಲ ಪ್ರಶ್ನೆ "ಹುದ್ದೆ ಇದೆಯೇ" ಅಲ್ಲ, "ಅಪ್ರೆಂಟಿಸ್ ಮುಗಿಸಿದವರನ್ನು ತೆಗೆದುಕೊಳ್ಳುವ ನೀತಿ ಏನು" ಎಂಬುದು. ಅಲ್ಲಿನ ಆಫೀಸುಗಳಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಕಡಿಮೆ, ಮೇಲ್‌ನ ಆರಂಭದಲ್ಲಿ "ಸರ್" ಅಥವಾ "ಮೇಡಂ" ಇರಲಿ.

ಬಾಯಿ ಮಾತಿನಲ್ಲಿ "ಆಯ್ತು, ನೀನು ಸೆಲೆಕ್ಟ್" ಅಂದ ದಿನ ಬೇರೆ ಕಡೆಯ ಇಂಟರ್ವ್ಯೂ ಯಾವುದನ್ನೂ ಬಿಡಲಿಲ್ಲ. ಲೆಟರ್ ಬಂದಾಗ ಹುದ್ದೆಯ ಹೆಸರು, ಸೇರುವ ದಿನ, ಪ್ರೊಬೇಷನ್, ನೋಟಿಸ್ ಅವಧಿ, ಬಾಂಡ್ ಇದೆಯೇ ಎಂದು ನೋಡಿದೆ. ಡಿಗ್ರಿ ಮುಗಿದಿರಬೇಕು ಎಂಬ ಷರತ್ತಿತ್ತು, ನನ್ನ ಕೊನೆಯ ಸೆಮಿಸ್ಟರಿನ ಫಲಿತಾಂಶ ಇನ್ನೂ ಬಂದಿರಲಿಲ್ಲ. ಸಹಿ ಹಾಕುವ ಮುಂಚೆ ಎಚ್‌ಆರ್‌ಗೆ ಒಂದು ಸಾಲು ಬರೆದೆ: ಫಲಿತಾಂಶ ತಡವಾದರೆ ಸೇರುವ ದಿನ ಮುಂದಕ್ಕೆ ಹೋಗುತ್ತದೆಯೇ, ಅಥವಾ ಕಾಲೇಜಿನಿಂದ ಪರೀಕ್ಷೆ ಬರೆದ ಪತ್ರ ತಂದರೆ ಸಾಕೇ? ಪತ್ರ ಸಾಕು, ಅಂಕಪಟ್ಟಿ ಬಂದ ಮೇಲೆ ಕೊಡಿ ಎಂದು ಮೇಲ್‌ನಲ್ಲೇ ಉತ್ತರ ಬಂತು. ಆ ಉತ್ತರದ ಪ್ರತಿಯನ್ನು ಲೆಟರ್ ಜೊತೆಗೇ ಇಟ್ಟುಕೊಂಡೆ.