ಲ್ಯಾಬ್ ಟೆಕ್ನಿಷಿಯನ್ ಅರ್ಜಿ: ಯಂತ್ರದ ಹೆಸರಷ್ಟೇ ಬರೆದರೆ ಸಾಲದು

ಡಯಾಗ್ನೋಸ್ಟಿಕ್ ಲ್ಯಾಬ್‌ಗೆ ಇಮೇಲ್ ಕಳಿಸುವವರು ಸಾಮಾನ್ಯವಾಗಿ 'ಎಲ್ಲಾ ಅನಲೈಸರ್‌ಗಳ ಅನುಭವವಿದೆ' ಎಂದು ಬರೆಯುತ್ತಾರೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಮಾಡೆಲ್ ಹೆಸರಿನ ಜೊತೆ ನೀವು ಅದರಲ್ಲಿ ಏನು ಮಾಡುತ್ತಿದ್ದಿರಿ ಎಂದು ಬರೆಯಿರಿ. ಹೀಗೆ:

'ಸಿಸ್‌ಮೆಕ್ಸ್ ಎಕ್ಸ್‌ಎನ್-1000: ದಿನವೂ ಬೆಳಿಗ್ಗೆ ಮೂರು ಲೆವೆಲ್ ಕಂಟ್ರೋಲ್ ಓಡಿಸುವುದು, ಶಟ್‌ಡೌನ್ ಕ್ಲೀನಿಂಗ್, ಫ್ಲ್ಯಾಗ್ ಬಂದ ಸ್ಯಾಂಪಲ್‌ಗಳಿಗೆ ಸ್ಮಿಯರ್ ಮಾಡುವುದು.'

ಬರೀ ಸ್ಯಾಂಪಲ್ ಲೋಡ್ ಮಾಡಿದ್ದರೆ ಅಷ್ಟನ್ನೇ ಬರೆಯಿರಿ. ಕ್ಯಾಲಿಬ್ರೇಷನ್ ಸೇರಿಸಿದರೆ ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆಯೇ ಅದರ ಬಗ್ಗೆ ಇರುತ್ತದೆ.

ಅಕ್ರೆಡಿಟೇಷನ್ ವಿಷಯದಲ್ಲಿ 'ಐಎಸ್‌ಒ 15189 ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೇನೆ' ಎಂಬುದು ಲ್ಯಾಬಿನ ಸಾಧನೆ, ನಿಮ್ಮದಲ್ಲ. ನಿಮ್ಮ ಕೈಯಿಂದ ಆದ ಒಂದು ಘಟನೆ ಹೇಳಿ:

'ಪೊಟ್ಯಾಸಿಯಂ ಕಂಟ್ರೋಲ್ +3 ಎಸ್‌ಡಿ ದಾಟಿದಾಗ ರಿಪೋರ್ಟ್‌ಗಳನ್ನು ತಡೆಹಿಡಿದು, ಎಲೆಕ್ಟ್ರೋಡ್ ಪರಿಶೀಲಿಸಿ, ಮರು ಕ್ಯಾಲಿಬ್ರೇಷನ್ ಮಾಡಿದೆ. ಕಂಟ್ರೋಲ್ ಸರಿ ಬಂದ ಮೇಲೆ ರೋಗಿಗಳ ಸ್ಯಾಂಪಲ್ ಮತ್ತೆ ಓಡಿಸಿ, ಕರೆಕ್ಟಿವ್ ಆ್ಯಕ್ಷನ್ ಫಾರ್ಮ್ ತುಂಬಿದೆ.'

ಇಂಥ ಎರಡು ಸಾಲು ಓದಿದ ಕ್ವಾಲಿಟಿ ಮ್ಯಾನೇಜರ್‌ಗೆ ನೀವು ಕೆಲಸ ಬಲ್ಲವರು ಎಂದು ಗೊತ್ತಾಗುತ್ತದೆ. ಲ್ಯಾಬಿಗೆ ಅಕ್ರೆಡಿಟೇಷನ್ ಸಿಗುವುದು ಅದರ ಸ್ಕೋಪ್‌ನಲ್ಲಿರುವ ಪರೀಕ್ಷೆಗಳಿಗೆ ಮಾತ್ರ. ಹಾಗಾಗಿ ನೀವು ಮಾಡುತ್ತಿದ್ದ ಪರೀಕ್ಷೆ ಅದರಲ್ಲಿತ್ತೇ ಎಂದು ನೋಡಿಕೊಂಡು ಬರೆಯಿರಿ. ಬಾಹ್ಯ ಗುಣಮಟ್ಟ ಪರೀಕ್ಷೆಯ ಸ್ಯಾಂಪಲ್ ಓಡಿಸಿದ್ದರೆ ಅದನ್ನೂ ಸೇರಿಸಿ.

ಸಬ್ಜೆಕ್ಟ್‌ನಲ್ಲಿ ಹುದ್ದೆ, ವಿಭಾಗ, ಅನುಭವದ ವರ್ಷ ಇದ್ದರೆ ಸಾಕು. ಪುರಾವೆ ಅಂತ ಹಳೆಯ ಲ್ಯಾಬಿನ ಎಸ್‌ಒಪಿ ಅಥವಾ ರೋಗಿಯ ಹೆಸರಿರುವ ರಿಪೋರ್ಟ್ ಲಗತ್ತಿಸಬೇಡಿ. ಗೌಪ್ಯತೆ ಗೊತ್ತಿಲ್ಲದವರು ಎಂದು ಅಲ್ಲೇ ಪಕ್ಕಕ್ಕಿಡುತ್ತಾರೆ.